ಹಾಲ್ಟಿಂಗ್ ಸಮಸ್ಯೆ: D ತನ್ನನ್ನೇ ಕೇಳಿಕೊಂಡಾಗ ಹುಟ್ಟುವುದು ವೈರುಧ್ಯವೋ, ಬರೀ ಮುಗಿಯದ ಲೂಪೋ?

ಐದನೆಯ ಸೆಮಿಸ್ಟರ್

ಗಣನೀಯತೆಯ ಪಾಠ ಈಗಷ್ಟೇ ಶುರುವಾಗಿದೆ. ಯಾವುದೇ ಪ್ರೋಗ್ರಾಂ ಮತ್ತು ಅದರ ಇನ್‌ಪುಟ್ ಕೊಟ್ಟರೆ, ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ಪ್ರತಿ ಸಲವೂ ಸರಿಯಾಗಿ ಹೇಳುವ ಪ್ರೋಗ್ರಾಂ ಇರಲು ಸಾಧ್ಯವಿಲ್ಲ ಎನ್ನುವ ಸಾಧನೆಯ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಅಂಥ ಪ್ರೋಗ್ರಾಂ ಇದೆ ಎಂದು ಮೊದಲು ಒಪ್ಪಿಕೊಳ್ಳುತ್ತಾರೆ. ಅದಕ್ಕೆ H ಎಂದು ಹೆಸರು. ಆಮೇಲೆ ಅದನ್ನು ಬಳಸಿಕೊಂಡು ಹೀಗೊಂದು ಬರೆಯುತ್ತಾರೆ:

```python
def D(p):
    if H(p, p):
        while True:
            pass
    return
```

D ಗೆ D ಯ ಸೋರ್ಸ್ ಕೋಡನ್ನೇ ಕೊಟ್ಟರೆ ಏನಾಗುತ್ತದೆ? H "ನಿಲ್ಲುತ್ತದೆ" ಎಂದರೆ D ನಿಲ್ಲುವುದಿಲ್ಲ. "ನಿಲ್ಲುವುದಿಲ್ಲ" ಎಂದರೆ ನಿಲ್ಲುತ್ತದೆ. ಆದ್ದರಿಂದ H ಇಲ್ಲ. ಬೋರ್ಡಿನ ಮೇಲೆ ಐದು ಸಾಲಿನಲ್ಲಿ ಮುಗಿದುಹೋಯಿತು.

ನನಗೆ ಅರ್ಥವಾಗದಿರುವುದು ಇಷ್ಟು. D(D) ಓಡಬೇಕಾದರೆ H(D, D) ಓಡಬೇಕು. H ಗೆ D ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ D(D) ಯನ್ನು ನಡೆಸಿ ನೋಡಬೇಕು. ಅದರೊಳಗೆ ಮತ್ತೆ H(D, D). ಅದರೊಳಗೆ ಮತ್ತೆ D(D). ಹೀಗೆ ಒಳಗೊಳಗೇ ಹೋಗುತ್ತಲೇ ಇರುತ್ತದಲ್ಲವೇ? H ಉತ್ತರ ಹೇಳುವ ಹಂತವೇ ಬರುವುದಿಲ್ಲ ಎಂದ ಮೇಲೆ "H ನಿಲ್ಲುತ್ತದೆ ಎಂದರೆ" ಎಂದು ಮುಂದುವರಿಯುವುದು ಹೇಗೆ? ಇಲ್ಲಿ ವೈರುಧ್ಯಕ್ಕಿಂತ ಮೊದಲೇ ಎಲ್ಲವೂ ಕುಸಿದುಬಿದ್ದಂತೆ ಕಾಣುತ್ತದೆ.

ನೈಟ್ ಶಿಫ್ಟ್

ನನಗೂ ಇದೇ ತೊಂದರೆ. ನಾವು ನೋಡಿಕೊಳ್ಳುವ ಒಂದು ಬ್ಯಾಚ್ ಕೆಲಸ ವಾರಕ್ಕೊಮ್ಮೆಯಾದರೂ ಎಲ್ಲೋ ಸಿಕ್ಕಿಕೊಂಡು ನಿಂತುಬಿಡುತ್ತದೆ. ಸಿಪಿಯು ಪೂರ್ತಿ ಬಳಕೆಯಲ್ಲಿರುತ್ತದೆ, ಲಾಗ್‌ನಲ್ಲಿ ಹೊಸ ಸಾಲು ಬರುವುದಿಲ್ಲ. ಅದು ಮುಗಿಯುತ್ತದೆಯೋ ಇಲ್ಲವೋ ತಿಳಿಯದೆ ಬೆಳಗಿನವರೆಗೆ ಕಾಯುತ್ತೇವೆ. ಇದನ್ನು ಮೊದಲೇ ಪತ್ತೆಹಚ್ಚುವ ಟೂಲ್ ಇದ್ದರೆ ದಯವಿಟ್ಟು ತಿಳಿಸಿ.

ಹಳೆಯ ಕಂಪೈಲರ್

ನೈಟ್ ಶಿಫ್ಟ್ ಅವರೇ, ನಿಮ್ಮದು ಬೇರೆ ಪ್ರಶ್ನೆ. ಸ್ವಲ್ಪ ತಡೆಯಿರಿ, ಅಲ್ಲಿಗೂ ಬರುತ್ತೇನೆ.

ಐದನೆಯ ಸೆಮಿಸ್ಟರ್, ನಿಮ್ಮ ಅನುಮಾನದೊಳಗೆ ನೀವೇ ಸದ್ದಿಲ್ಲದೆ ಸೇರಿಸಿಕೊಂಡ ಒಂದು ಊಹೆ ಇದೆ. "H ಗೆ ತಿಳಿಯಬೇಕಾದರೆ D(D) ಯನ್ನು ನಡೆಸಿ ನೋಡಬೇಕು" ಎಂದಿರಿ. ಹಾಗೆಂದು ಹೇಳಿದವರು ಯಾರು? H ಕೋಡನ್ನು ಓದಿ, ಲೂಪಿನ ಷರತ್ತನ್ನು ವಿಶ್ಲೇಷಿಸಿ, ಏನನ್ನೂ ನಡೆಸದೆಯೇ ತೀರ್ಪು ಕೊಡುವಂಥದ್ದೂ ಆಗಿರಬಹುದು. `while True: pass` ಎಂಬುದನ್ನು ನೋಡಿ ನೀವು ಅದನ್ನು ಅನಂತಕಾಲ ಓಡಿಸಿ ನೋಡಿದ ಮೇಲೆ "ನಿಲ್ಲುವುದಿಲ್ಲ" ಎನ್ನುತ್ತೀರಾ? ಒಂದು ನೋಟದಲ್ಲಿ ಹೇಳುತ್ತೀರಿ. H ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಸಾಧನೆ ಒಂದು ಮಾತನ್ನೂ ಆಡುವುದಿಲ್ಲ. ಅದು ಹಿಡಿದಿರುವುದು ಎರಡೇ ಕರಾರು: H ಯಾವಾಗಲೂ ಉತ್ತರ ಕೊಟ್ಟು ಮುಗಿಯುತ್ತದೆ, ಮತ್ತು ಆ ಉತ್ತರ ಸರಿಯಾಗಿರುತ್ತದೆ.

ನಿಮ್ಮ ಮನಸ್ಸಿನಲ್ಲಿರುವ H, ಅಂದರೆ ಒಳಗೊಳಗೇ ನಡೆಸುತ್ತಾ ಹೋಗಿ ಹಿಂತಿರುಗದ H, ಮೊದಲನೆಯ ಕರಾರನ್ನೇ ಮುರಿದಿದೆ. ಅದು ನಿಜವಾದ H ಅಲ್ಲ ಎಂದು ನೀವೇ ತೋರಿಸಿಬಿಟ್ಟಿರಿ. ಅಂದರೆ ನೀವು ಸಾಧನೆಯ ತಪ್ಪನ್ನು ಹಿಡಿಯಲಿಲ್ಲ, ಒಬ್ಬ ಅಭ್ಯರ್ಥಿಯನ್ನು ಹೊರಗೆ ಹಾಕಿದಿರಿ. ಬಾಕಿ ಅಭ್ಯರ್ಥಿಗಳನ್ನೂ ಹೊರಗೆ ಹಾಕುವುದಕ್ಕೆ ಉಳಿದ ವಾದ ಬೇಕು.

ನಾನು ಇದನ್ನು ಯಾರಿಗಾದರೂ ಹೇಳಿಕೊಡುವಾಗ "H ಇದೆ ಎಂದುಕೊಳ್ಳೋಣ" ಎಂದು ಶುರುಮಾಡುವುದೇ ಇಲ್ಲ. ನಿಮ್ಮ H ಅನ್ನು ನನ್ನ ಕೈಗೆ ಕೊಡಿ ಎನ್ನುತ್ತೇನೆ. ಯಾವುದೇ H ಕೊಡಿ. ಅದು ಎಡವುವ ಒಂದು ಪ್ರೋಗ್ರಾಂ ಅನ್ನು ನಾನು ಬರೆದು ತೋರಿಸುತ್ತೇನೆ, ಮತ್ತು ಬರೆಯುವ ವಿಧಾನ ಪ್ರತಿ ಸಲವೂ ಒಂದೇ: ಮೇಲಿನ D. ಹೀಗೆ ನೋಡಿದರೆ ಅದರಲ್ಲಿ ಮಾಯೆ ಏನೂ ಉಳಿಯುವುದಿಲ್ಲ.

ಓಡಿಸಿ ನೋಡಬಹುದಾದ ಒಂದು H ಇಟ್ಟುಕೊಂಡು ನೋಡೋಣ. ಇದು ಪ್ರೋಗ್ರಾಂ ಅನ್ನು ಸಾವಿರ ಹೆಜ್ಜೆ ನಡೆಸಿ ನೋಡುತ್ತದೆ. ಅಷ್ಟರಲ್ಲಿ ನಿಂತರೆ "ನಿಲ್ಲುತ್ತದೆ", ಇಲ್ಲವಾದರೆ "ನಿಲ್ಲುವುದಿಲ್ಲ".

```python
def H(p, x):
    return halts_within(p, x, 1000)
```

`halts_within` ಎಂಬುದು ಪೈಥಾನ್ ಜೊತೆಗೆ ಬರುವುದಿಲ್ಲ, ಆದರೆ ಹೆಜ್ಜೆ ಎಣಿಸುವ ಒಂದು ಚಿಕ್ಕ ಇಂಟರ್‌ಪ್ರಿಟರ್ ಬರೆದರೆ ಆಯಿತು. ಒಳಗಿನ ಒಂದು ಹೆಜ್ಜೆಯನ್ನು ಅನುಕರಿಸಲು ಹೊರಗೆ ಹತ್ತು ಹೆಜ್ಜೆ ಖರ್ಚಾಗುತ್ತದೆ ಎಂದುಕೊಳ್ಳಿ. ಈಗ D(D) ಯನ್ನು ಓಡಿಸಿ. ಹೊರಗಿನ D ಮೊದಲಿಗೆ H ಅನ್ನು ಕರೆಯುತ್ತದೆ. H ಒಳಗಿನ D ಯನ್ನು ನಡೆಸತೊಡಗುತ್ತದೆ. ಆ ಒಳಗಿನ D ಯೂ ಮಾಡುವ ಮೊದಲ ಕೆಲಸ ತನ್ನ H ಅನ್ನು ಕರೆಯುವುದೇ. ಅದಕ್ಕೆ ಸಿಕ್ಕಿರುವ ಸಾವಿರ ಹೆಜ್ಜೆಗಳಲ್ಲಿ ಆ ಒಳಗಿನ H ತನ್ನೊಳಗಿನ D ಯನ್ನು ಸುಮಾರು ನೂರು ಹೆಜ್ಜೆ ನಡೆಸಿರುತ್ತದೆ, ಅದರೊಳಗಿನದು ಹತ್ತು. ಅಷ್ಟರಲ್ಲಿ ಹೊರಗಿನ ಎಣಿಕೆ ಸಾವಿರ ಮುಟ್ಟುತ್ತದೆ. ಒಳಗಿನ D ಇನ್ನೂ `if` ಸಾಲನ್ನೇ ದಾಟಿಲ್ಲ. H ಗಡಿಯಾರ ನೋಡಿ "ನಿಲ್ಲುವುದಿಲ್ಲ" ಎಂದು `False` ಕೊಡುತ್ತದೆ. `False` ಬಂದ ಕೂಡಲೇ ಹೊರಗಿನ D ಏನು ಮಾಡುತ್ತದೆ? `return`. ಹತ್ತು ಸಾವಿರ ಚಿಲ್ಲರೆ ಹೆಜ್ಜೆಗಳಲ್ಲಿ ಅದು ಶಾಂತವಾಗಿ ನಿಂತಿತು. ನಿಲ್ಲುವುದಿಲ್ಲ ಎಂದು H ಹೇಳಿದ್ದು ತಪ್ಪು.

ನೋಡಿ, ಇಲ್ಲಿ ಅನಂತ ಸುರುಳಿಯೂ ಇಲ್ಲ, ವಿರೋಧಾಭಾಸವೂ ಇಲ್ಲ. ಓಡಿಸಿ ನೋಡಬಹುದಾದ ಒಂದು ಪ್ರೋಗ್ರಾಂ, ಅದರ ಬಗ್ಗೆ ಒಂದು ತಪ್ಪು ಉತ್ತರ. ಸಾವಿರದ ಬದಲು ಕೋಟಿ ಇಟ್ಟರೂ ಕಥೆ ಬದಲಾಗುವುದಿಲ್ಲ. D ಯ ಹೊಟ್ಟೆಯಲ್ಲಿ H ಇರುವುದರಿಂದ, H ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಯೋ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತನ್ನು D ಯಾವಾಗಲೂ ತೆಗೆದುಕೊಳ್ಳುತ್ತದೆ.

ಐದನೆಯ ಸೆಮಿಸ್ಟರ್

ಇದು ಬಹಳ ಸ್ಪಷ್ಟವಾಯಿತು. ಹಾಗಾದರೆ ಸದಾ `True` ಎನ್ನುವ H ಕೊಟ್ಟರೆ D ಲೂಪಿಗೆ ಬೀಳುತ್ತದೆ, H ತಪ್ಪು. ಸದಾ `False` ಎನ್ನುವುದನ್ನು ಕೊಟ್ಟರೆ D ನಿಲ್ಲುತ್ತದೆ, H ತಪ್ಪು. ಮಿತಿಯಿಲ್ಲದೆ ನಡೆಸಿ ನೋಡುವ H ಕೊಟ್ಟರೆ ನಾನು ಹೇಳಿದ ಮುಗಿಯದ ಸುರುಳಿ. ಅಲ್ಲಿ D(D) ನಿಜಕ್ಕೂ ನಿಲ್ಲುವುದಿಲ್ಲ, H "ನಿಲ್ಲುವುದಿಲ್ಲ" ಎನ್ನಬೇಕಾಗಿತ್ತು, ಆದರೆ ಏನನ್ನೂ ಹೇಳಲಿಲ್ಲ. ಮೂರು ಬಗೆಯ H, ಮೂರು ಬಗೆಯ ಸೋಲು. ಸರಿಯೇ?

ಇನ್ನೊಂದು ಸಂದೇಹ. ಪ್ರೋಗ್ರಾಂಗೆ ಅದನ್ನೇ ಇನ್‌ಪುಟ್ ಆಗಿ ಕೊಡುವುದು ನ್ಯಾಯವೇ? ಎಲ್ಲ ತೊಂದರೆಯೂ ಅಲ್ಲಿಂದಲೇ ಬರುತ್ತಿರುವಂತೆ ಕಾಣುತ್ತದೆ. ಅದನ್ನು ನಿಷೇಧಿಸಿಬಿಟ್ಟರೆ?

ಹಳೆಯ ಕಂಪೈಲರ್

ಮೂರೂ ಸರಿ.

ನಿಷೇಧಿಸುವ ವಿಚಾರ: ಸೋರ್ಸ್ ಕೋಡ್ ಎಂದರೆ ಅಕ್ಷರಗಳ ಒಂದು ಸಾಲು, ಬೇರೇನೂ ಅಲ್ಲ. ಪದ ಎಣಿಸುವ ಪ್ರೋಗ್ರಾಂಗೆ ಅದರ ಕಡತವನ್ನೇ ಕೊಟ್ಟರೆ ಅದು ತನ್ನ ಪದಗಳನ್ನು ಎಣಿಸುತ್ತದೆ. ಸಿ ಭಾಷೆಯ ಕಂಪೈಲರುಗಳನ್ನು ಸಿ ಯಲ್ಲೇ ಬರೆದು ಅವುಗಳಿಂದಲೇ ಕಂಪೈಲ್ ಮಾಡುವುದು ದಿನನಿತ್ಯದ ಕೆಲಸ. ನಿಷೇಧಿಸಿದರೂ ಪ್ರಯೋಜನವಿಲ್ಲ. D ಯ ಕೊನೆಗೆ ಒಂದು ಖಾಲಿ ಸಾಲು ಸೇರಿಸಿ D' ಮಾಡುತ್ತೇನೆ. ಅಕ್ಷರಗಳ ಲೆಕ್ಕದಲ್ಲಿ ಅದು ಬೇರೆ ಕಡತ, ವರ್ತನೆ ಅದೇ. ನಿಮ್ಮ ನಿಷೇಧಕ್ಕೆ ಅದು ಸಿಗುವುದಿಲ್ಲ.

ಆದರೆ `H(p, p)` ಎಂದು ಎರಡೂ ಕಡೆ p ಯಾಕೆ ಎಂಬುದು ಒಳ್ಳೆಯ ಪ್ರಶ್ನೆ. ಒಂದು ಪಟ್ಟಿ ಕಲ್ಪಿಸಿಕೊಳ್ಳಿ. ಎಲ್ಲ ಪ್ರೋಗ್ರಾಂಗಳನ್ನೂ ಸಾಲಾಗಿ ಕೆಳಗೆ ಬರೆದಿದ್ದೇವೆ, ಅವುಗಳ ಸೋರ್ಸ್ ಕೋಡನ್ನೇ ಇನ್‌ಪುಟ್‌ಗಳಾಗಿ ಮೇಲೆ ಅಡ್ಡಕ್ಕೆ ಬರೆದಿದ್ದೇವೆ. ನಿಂತರೆ 1, ನಿಲ್ಲದಿದ್ದರೆ 0. ಅಂಕಿಗಳು ಸುಮ್ಮನೆ ಉದಾಹರಣೆಗೆ:

```
      P1  P2  P3  P4
P1     1   0   1   1
P2     0   0   1   0
P3     1   1   1   0
P4     0   1   0   0

D      0   1   0   1
```

ಮೇಲಿನ ಎಡಮೂಲೆಯಿಂದ ಕೆಳಗೆ ಬಲಕ್ಕೆ ಇಳಿಯುವ ಕರ್ಣವನ್ನು ಓದಿ: 1, 0, 1, 0. D ಯ ಸಾಲು ಅದನ್ನು ಒಂದೊಂದಾಗಿ ತಲೆಕೆಳಗು ಮಾಡಿದ್ದು. ಹಾಗಾಗಿ D ಯು P1 ರ ಸಾಲು ಆಗಿರಲಾರದು, ಮೊದಲ ಮನೆಯಲ್ಲೇ ಜಗಳ. P2 ಆಗಿರಲಾರದು, ಎರಡನೆಯ ಮನೆಯಲ್ಲಿ ಜಗಳ. ಪಟ್ಟಿ ಎಷ್ಟು ಉದ್ದವಿದ್ದರೂ ಯಾವ ಸಾಲಿನ ಜೊತೆಗೂ D ಹೊಂದುವುದಿಲ್ಲ. ಆದರೆ ಎಲ್ಲ ಪ್ರೋಗ್ರಾಂಗಳೂ ಪಟ್ಟಿಯಲ್ಲಿವೆ ಎಂದಿದ್ದೇವೆ, ಹಾಗಿದ್ದರೆ D ಪ್ರೋಗ್ರಾಂ ಅಲ್ಲ. D ಯಲ್ಲಿ ಅನುಮಾನಪಡಬಹುದಾದ ಭಾಗ ಯಾವುದು? ಒಂದು `if`, ಒಂದು ಲೂಪ್, ಒಂದು `return`. ಇವನ್ನು ಯಾರು ಬೇಕಾದರೂ ಬರೆಯಬಹುದು. ಉಳಿದದ್ದು H ಮಾತ್ರ. ತಪ್ಪಿತಸ್ಥ ಅದೇ.

ಮೊಂಡುವಾದಿ

ಇಷ್ಟು ಸುಲಭಕ್ಕೆ ಬಿಡುವುದಿಲ್ಲ. H ಗೆ ತನ್ನ ಶತ್ರು ಯಾರೆಂದು ಗೊತ್ತಿದೆಯಲ್ಲ. ಬಂದ ಕೋಡ್ D ಯೇ ಎಂದು ಮೊದಲು ನೋಡಿ, ಹೌದಾದರೆ ಸರಿಯಾದ ಉತ್ತರವನ್ನು ನೇರವಾಗಿ ಕೊಡಲಿ. ಸಾವಿರ ಹೆಜ್ಜೆಯ ಉದಾಹರಣೆಯಲ್ಲಿ D ನಿಲ್ಲುತ್ತದೆ ಎಂದು ನೀವೇ ತೋರಿಸಿದಿರಿ. ಆ ಒಂದು ಸಾಲನ್ನು ಸೇರಿಸಿದರೆ ಆಯಿತು.

ಹಳೆಯ ಕಂಪೈಲರ್

ಸೇರಿಸಿ, ಅಡ್ಡಿಯಿಲ್ಲ. ಸೇರಿಸಿದ್ದನ್ನು H2 ಎನ್ನೋಣ. D ಹಳೆಯ H ಅನ್ನು ಕರೆಯುತ್ತದೆ, ಹಾಗಾಗಿ ಅದು ಈಗಲೂ ನಿಲ್ಲುತ್ತದೆ, H2 ಅದರ ಬಗ್ಗೆ ಸರಿಯಾಗಿಯೇ ಹೇಳುತ್ತದೆ. ನಾನು ಈಗ H2 ಅನ್ನು ಕರೆಯುವ D2 ಬರೆಯುತ್ತೇನೆ. ನೀವು H3 ಬರೆಯುತ್ತೀರಿ. ಈ ಆಟದಲ್ಲಿ ಕೊನೆಯ ಸರದಿ ಯಾವಾಗಲೂ ನನ್ನದು, ಏಕೆಂದರೆ ನೀವು "ಇದೇ ನನ್ನ ಅಂತಿಮ H" ಎಂದು ಹೇಳಿದ ಮೇಲಷ್ಟೇ ನಾನು D ಬರೆಯುವುದು.

"ನನ್ನನ್ನೇ ಕರೆಯುತ್ತಿರುವ ಯಾವುದೇ ಕೋಡನ್ನು ಗುರುತಿಸುತ್ತೇನೆ" ಎಂದು ಮುಂದೆ ಹೇಳುತ್ತೀರಿ ಎಂದು ಬಲ್ಲೆ. D ಯಲ್ಲಿ `H` ಎಂಬ ಹೆಸರು ಇರಲೇಬೇಕಿಲ್ಲ. ನಿಮ್ಮ ಕೋಡನ್ನು ಪೂರ್ತಿ ಒಳಗೆ ನಕಲು ಮಾಡಿ, ಎಲ್ಲ ಹೆಸರುಗಳನ್ನೂ ಬದಲಿಸಿ, ಲೂಪುಗಳನ್ನು ರಿಕರ್ಷನ್ ಆಗಿ ತಿರುಗಿಸಿ ಬರೆಯಬಹುದು. ಎರಡು ಕೋಡುಗಳು ಒಂದೇ ಕೆಲಸ ಮಾಡುತ್ತವೆಯೇ ಎಂದು ತಪ್ಪದೆ ಹೇಳುವುದೂ ಇಷ್ಟೇ ಅಸಾಧ್ಯವಾದ ಸಮಸ್ಯೆ.

ಮೊಂಡುವಾದಿ

ಸರಿ, ಇನ್ನೊಂದು ದಾರಿ. ಮಿತಿಯನ್ನು ಸಾವಿರ ಎಂದು ಕಣ್ಣುಮುಚ್ಚಿ ಇಟ್ಟಿದ್ದು ದಡ್ಡತನ. ಪ್ರೋಗ್ರಾಂನ ಉದ್ದಕ್ಕೆ ತಕ್ಕಂತೆ ಮಿತಿ ಇಡೋಣ. ನೂರು ಅಕ್ಷರಗಳ ಪ್ರೋಗ್ರಾಂಗಳು ಎಷ್ಟೇ ಇದ್ದರೂ ಅವುಗಳ ಸಂಖ್ಯೆ ಪರಿಮಿತ. ಇನ್‌ಪುಟ್ ಇಲ್ಲದೆ ಓಡಿಸಿದಾಗ ಅವುಗಳಲ್ಲಿ ಕೆಲವು ನಿಲ್ಲುತ್ತವೆ. ನಿಲ್ಲುವವುಗಳಲ್ಲಿ ಅತಿ ಹೆಚ್ಚು ಹೊತ್ತು ಓಡುವುದು ಒಂದು ಇದ್ದೇ ಇರುತ್ತದೆ. ಅದರ ಹೆಜ್ಜೆಗಳ ಸಂಖ್ಯೆಯೇ ಮಿತಿ. ಅಷ್ಟು ಹೊತ್ತಿಗೂ ನಿಲ್ಲದ್ದು ಮುಂದೆಂದೂ ನಿಲ್ಲುವುದಿಲ್ಲ. ಇದರಲ್ಲಿ ತಪ್ಪೆಲ್ಲಿದೆ?

ಹಳೆಯ ಕಂಪೈಲರ್

ಇದು ನಿಜಕ್ಕೂ ಒಳ್ಳೆಯ ವಾದ, ಮತ್ತು ಮುಕ್ಕಾಲು ಭಾಗ ಸರಿ. ಆ ಸಂಖ್ಯೆ ಖಂಡಿತ ಇದೆ. ಅದನ್ನು ಕೈಗೆ ಕೊಟ್ಟರೆ ನೀವು ಹೇಳಿದ H ಕೆಲಸವನ್ನೂ ಮಾಡುತ್ತದೆ. ಆದ್ದರಿಂದಲೇ, ಉದ್ದ ಕೊಟ್ಟರೆ ಆ ಸಂಖ್ಯೆಯನ್ನು ಲೆಕ್ಕಹಾಕಿ ಕೊಡುವ ಪ್ರೋಗ್ರಾಂ ಇರಲಾರದು. ಇದ್ದಿದ್ದರೆ H ಇರುತ್ತಿತ್ತು.

ಈ ಸಂಖ್ಯೆಗಳನ್ನು ಜನ ನಿಜವಾಗಿಯೂ ಹುಡುಕಿದ್ದಾರೆ. ಬಿಸಿ ಬೀವರ್ ಎಂದು ಕರೆಯುತ್ತಾರೆ. ಎರಡೇ ಚಿಹ್ನೆಗಳ ಟ್ಯೂರಿಂಗ್ ಯಂತ್ರವನ್ನು, ಅಂದರೆ ಕೊನೆಯಿಲ್ಲದ ಟೇಪಿನ ಮೇಲೆ ಒಂದೊಂದೇ ಚಿಹ್ನೆ ಓದಿ ಬರೆಯುತ್ತಾ ಸಾಗುವ ಕಾಲ್ಪನಿಕ ಯಂತ್ರವನ್ನು, ಖಾಲಿ ಟೇಪಿನ ಮೇಲೆ ಬಿಡುತ್ತಾರೆ. ಎರಡು ಸ್ಥಿತಿಗಳ ಯಂತ್ರಗಳಲ್ಲಿ ನಿಲ್ಲುವಂಥವು ಹೆಚ್ಚೆಂದರೆ 6 ಹೆಜ್ಜೆ ಓಡುತ್ತವೆ. ಮೂರು ಸ್ಥಿತಿಗಳಿಗೆ 21, ನಾಲ್ಕಕ್ಕೆ 107. ಐದಕ್ಕೆ? 4,71,76,870. ಇಷ್ಟು ಓಡಿ ನಿಲ್ಲುವ ಯಂತ್ರ 1989 ರಿಂದಲೇ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಓಡಿ ನಿಲ್ಲುವುದು ಬೇರೊಂದಿಲ್ಲ ಎಂದು ಸಾಧನೆಯಾದದ್ದು 2024 ರಲ್ಲಿ, ಅದೂ ಕಾಕ್ ಎಂಬ ಸಾಧನಾ ಪರೀಕ್ಷಕದಲ್ಲಿ ಸಾಲುಸಾಲಾಗಿ ಪರಿಶೀಲಿಸಿ. ತಡವಾದದ್ದು ಓಡಿಸುವುದಕ್ಕಲ್ಲ, ನಾಲ್ಕೂಮುಕ್ಕಾಲು ಕೋಟಿ ಹೆಜ್ಜೆ ಕಂಪ್ಯೂಟರಿಗೆ ಕ್ಷಣದ ಕೆಲಸ. ಉಳಿದ ಯಂತ್ರಗಳು ಎಂದೂ ನಿಲ್ಲುವುದಿಲ್ಲ ಎಂದು ತೋರಿಸುವುದಕ್ಕೆ. ಕೆಲವು ಯಂತ್ರಗಳಿಗೆ ಅವುಗಳದ್ದೇ ಆದ ವಾದವನ್ನು ಹೊಸದಾಗಿ ಕಟ್ಟಬೇಕಾಯಿತು. ಆರು ಸ್ಥಿತಿಗಳ ಉತ್ತರ ಇನ್ನೂ ಯಾರಿಗೂ ತಿಳಿದಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಐದು ಸ್ಥಿತಿಗಳ ಒಂದೊಂದು ಯಂತ್ರದ ಬಗ್ಗೆಯೂ ಈಗ ಉತ್ತರ ಗೊತ್ತಿದೆ. ಬಿಡಿಬಿಡಿಯಾಗಿ ಯಾವ ಪ್ರೋಗ್ರಾಂ ಕೂಡ "ನಿರ್ಧರಿಸಲಾಗದ್ದು" ಅಲ್ಲ; ಅದು ನಿಲ್ಲುತ್ತದೆ, ಇಲ್ಲವೇ ನಿಲ್ಲುವುದಿಲ್ಲ. ಒಂದೇ ವಿಧಾನದಿಂದ ಎಲ್ಲದಕ್ಕೂ ಉತ್ತರ ಹೇಳಲಾಗದು ಎಂಬುದಷ್ಟೇ ಸಾಧನೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ "D ನಿಲ್ಲುವುದೂ ಇಲ್ಲ, ನಿಲ್ಲದೆ ಇರುವುದೂ ಇಲ್ಲ" ಎಂದು ಬರೆದಿರುವುದನ್ನು ಓದಿ ಓದಿ ನನಗೆ ಸಾಕಾಗಿದೆ. ಅಂಥ ಪ್ರೋಗ್ರಾಂ ಲೋಕದಲ್ಲಿ ಇಲ್ಲ.

ತರ್ಕಪ್ರಿಯ

ಮೇಲಿನದ್ದೆಲ್ಲ ಸರಿ, ಆದರೆ ಶೀರ್ಷಿಕೆಯ ಬಗ್ಗೆ ಒಂದು ತಕರಾರು. ಇದನ್ನು ವೈರುಧ್ಯದ ಮೂಲಕ ಸಾಧನೆ ಎನ್ನುವುದು ರೂಢಿ, ನಿಜ. ಕಟ್ಟುನಿಟ್ಟಾಗಿ ನೋಡಿದರೆ ಎರಡು ಬಗೆಗಳಿವೆ. "ಒಂದು ವಸ್ತು ಇಲ್ಲ ಎಂದುಕೊಂಡರೆ ಅಸಂಬದ್ಧ ಬರುತ್ತದೆ, ಆದ್ದರಿಂದ ಅದು ಇದೆ" ಎನ್ನುವುದು ಒಂದು. ಅದು ವಸ್ತುವನ್ನು ತೋರಿಸದೆ ಇದೆ ಎನ್ನುತ್ತದೆ. ರಚನಾವಾದಿ ಗಣಿತಜ್ಞರು ಇದನ್ನು ಒಪ್ಪುವುದಿಲ್ಲ. "ಇದೆ ಎಂದುಕೊಂಡರೆ ಅಸಂಬದ್ಧ ಬರುತ್ತದೆ, ಆದ್ದರಿಂದ ಇಲ್ಲ" ಎನ್ನುವುದು ಇನ್ನೊಂದು. ಇದನ್ನು ಅವರೂ ಒಪ್ಪುತ್ತಾರೆ, ಏಕೆಂದರೆ "ಇಲ್ಲ" ಎಂಬುದರ ಅರ್ಥವೇ ಅದು. ಹಾಲ್ಟಿಂಗ್ ಎರಡನೆಯ ಬಗೆಗೆ ಸೇರಿದ್ದು. ವಿದ್ಯಾರ್ಥಿಗಳಿಗೆ ಎರಡನ್ನೂ ಒಂದೇ ಹೆಸರಿನಿಂದ ಕಲಿಸಿದರೆ ಈ ಸಾಧನೆಯಲ್ಲಿ ಏನೋ ಕೈಚಳಕ ಇದೆ ಎಂಬ ಭಾವನೆ ಬರುವುದು ಸಹಜ.

ಹಳೆಯ ಕಂಪೈಲರ್

ತಾತ್ತ್ವಿಕವಾಗಿ ಒಪ್ಪುತ್ತೇನೆ. ಮೊದಲ ತಿಂಗಳಿನಲ್ಲಿ ಈ ಭೇದವನ್ನು ಹೇಳಿ ಯಾರಿಗಾದರೂ ಉಪಕಾರವಾದೀತು ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ. "H ಕೊಡಿ, D ಕೊಡುತ್ತೇನೆ" ಎಂದರೆ ಕೈಚಳಕದ ಅನುಮಾನ ತಾನಾಗಿಯೇ ಹೋಗುತ್ತದೆ.

ತರ್ಕಪ್ರಿಯ

ನನ್ನ ಅನುಭವ ಬೇರೆ. ಭೇದ ಹೇಳದಿದ್ದವರೇ ಮುಂದೆ ಅಪೂರ್ಣತೆಯ ಪ್ರಮೇಯಕ್ಕೆ ಬಂದಾಗ ತಡವರಿಸುತ್ತಾರೆ. ಇರಲಿ, ಇದನ್ನು ಇಲ್ಲಿ ಬೆಳೆಸುವುದಿಲ್ಲ.

ಮೂಲ ಪ್ರಶ್ನೆಗೆ ಒಂದು ಸಂಗತಿ ಸೇರಿಸುತ್ತೇನೆ. ಒಳಗೊಳಗೇ ಸಿಕ್ಕಿಕೊಳ್ಳುತ್ತದೆ ಎಂಬ ಐದನೆಯ ಸೆಮಿಸ್ಟರ್ ಅವರ ಚಿತ್ರವನ್ನು ಹಗುರವಾಗಿ ತಳ್ಳಿಹಾಕಬೇಡಿ. 1936 ರ ಪ್ರಬಂಧದಲ್ಲಿ ಅಲನ್ ಟ್ಯೂರಿಂಗ್ ಬರೆದ ವಾದ ಇದಕ್ಕೇ ಹತ್ತಿರವಾದದ್ದು. ಅಲ್ಲಿ ಇರುವುದು ನಿಲ್ಲುವ ಪ್ರಶ್ನೆಯಲ್ಲ. ಅವನ ಯಂತ್ರಗಳು 0, 1 ಗಳನ್ನು ಮುದ್ರಿಸುತ್ತಾ ಎಂದೆಂದಿಗೂ ಸಾಗಬೇಕು. ಹಾಗೆ ಸಾಗಿದರೆ ಒಳ್ಳೆಯ ಯಂತ್ರ, ನಡುವೆ ಎಲ್ಲೋ ಸಿಕ್ಕಿಕೊಂಡು ಅಂಕಿ ಬರೆಯುವುದನ್ನೇ ಬಿಟ್ಟರೆ ಕೆಟ್ಟ ಯಂತ್ರ. ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಪರೀಕ್ಷಕ ಯಂತ್ರ ಇದೆ ಎಂದುಕೊಳ್ಳುತ್ತಾನೆ. ಆಮೇಲೆ ಅದನ್ನು ಬಳಸುವ ಒಂದು ಯಂತ್ರವನ್ನು ಕಟ್ಟುತ್ತಾನೆ. ಅದು ಯಂತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಒಳ್ಳೆಯವುಗಳಲ್ಲಿ ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಮುದ್ರಿಸುತ್ತಾ ಹೋಗುತ್ತದೆ. ತಲೆಕೆಳಗು ಮಾಡುವುದಿಲ್ಲ, ಇದ್ದ ಹಾಗೆಯೇ ಬರೆಯುತ್ತದೆ.

ಹೀಗೆ ಹೋಗುತ್ತಾ ಅದು ತನ್ನದೇ ಸರದಿಗೆ ಬರುತ್ತದೆ. ಪ್ರತಿ ಹಂತವೂ ಮುಗಿಯುವಂಥದ್ದು ಎಂದು ಕಟ್ಟಿದ್ದರಿಂದ ಅದು ಒಳ್ಳೆಯ ಯಂತ್ರವೇ ಆಗಿರಬೇಕು. ಹಾಗಿದ್ದರೆ ತನ್ನ ಇಷ್ಟನೆಯ ಅಂಕಿಯನ್ನು ಮುದ್ರಿಸಬೇಕು. ಆ ಅಂಕಿ ಯಾವುದು ಎಂದು ತಿಳಿಯಲು ತನ್ನನ್ನೇ ನಡೆಸಿ ನೋಡುತ್ತದೆ. ಅದು ಅದೇ ಸರದಿಗೆ ಬಂದು ಮತ್ತೆ ತನ್ನನ್ನೇ ನಡೆಸಲು ಶುರುಮಾಡುತ್ತದೆ. ಅಂಕಿ ಎಂದೂ ಸಿಗುವುದಿಲ್ಲ. ಯಂತ್ರ ಸಿಕ್ಕಿಕೊಂಡಿತು, ಅಂದರೆ ಕೆಟ್ಟದ್ದು. ಇಲ್ಲಿ ಸುರುಳಿಯೇ ವೈರುಧ್ಯವನ್ನು ಹುಟ್ಟಿಸುತ್ತದೆ. ತಲೆಕೆಳಗು ಮಾಡುವ ಸರಳ ವಾದವನ್ನೂ ಟ್ಯೂರಿಂಗ್ ಅಲ್ಲೇ ಮೊದಲು ಸೂಚಿಸಿ, ಅದು ಓದುಗರಲ್ಲಿ ಎಲ್ಲೋ ಏನೋ ತಪ್ಪಿದೆ ಎಂಬ ಭಾವನೆ ಉಳಿಸಬಹುದು ಎಂದು ಹೇಳಿ ಪಕ್ಕಕ್ಕಿಡುತ್ತಾನೆ. ಎಂಬತ್ತು ವರ್ಷಗಳಿಗಿಂತ ಹಿಂದಿನ ಆ ಎಚ್ಚರಿಕೆ ಈ ಚರ್ಚೆಗೇ ಬರೆದಂತಿದೆ.

ಐದನೆಯ ಸೆಮಿಸ್ಟರ್

ಹಾಗಾದರೆ ನಮ್ಮ ಪಾಠದಲ್ಲಿರುವ D ಎಲ್ಲಿಂದ ಬಂತು?

ತರ್ಕಪ್ರಿಯ

ಹಾಲ್ಟಿಂಗ್ ಎಂಬ ಹೆಸರು ಮತ್ತು ಆ ರೂಪ 1950 ರ ದಶಕದಲ್ಲಿ ಬಂದವು, ಮಾರ್ಟಿನ್ ಡೇವಿಸ್ ಅವರ 1958 ರ ಪುಸ್ತಕದಿಂದ ಹರಡಿದವು. ಪ್ರೋಗ್ರಾಂ ರೂಪದಲ್ಲಿ, ಹೆಚ್ಚು ಕಡಿಮೆ ನೀವು ಮೇಲೆ ಬರೆದಂತೆಯೇ, ಕ್ರಿಸ್ಟೋಫರ್ ಸ್ಟ್ರೇಚಿ 1965 ರಲ್ಲಿ ಒಂದು ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿದೆ. 1953 ರಲ್ಲಿ ರೈಲಿನಲ್ಲಿ ಹೋಗುವಾಗ ಟ್ಯೂರಿಂಗ್ ತನಗೆ ಸಾಧನೆಯನ್ನು ಬಾಯಲ್ಲೇ ಹೇಳಿದ್ದ, ವಿವರ ಮರೆತುಹೋಯಿತು ಎಂದು ಸ್ಟ್ರೇಚಿ ಅದರಲ್ಲಿ ಬರೆಯುತ್ತಾನೆ.

ಮೊಂಡುವಾದಿ

ಇತಿಹಾಸ ಚೆನ್ನಾಗಿದೆ. ಆದರೆ ಇದೆಲ್ಲ ಕೊನೆಯಿಲ್ಲದ ಮೆಮೊರಿ ಇರುವ ಕಾಲ್ಪನಿಕ ಯಂತ್ರದ ಮಾತು. ನನ್ನ ಮೇಜಿನ ಮೇಲಿರುವ ಕಂಪ್ಯೂಟರಿನ ಮೆಮೊರಿ ಪರಿಮಿತ. ಒಂದು ಸ್ಥಿತಿ ಎರಡನೆಯ ಸಲ ಬಂದರೆ ಅದು ಲೂಪ್, ಅಷ್ಟೇ. ನಿರ್ಧರಿಸಬಹುದು.

ಹಳೆಯ ಕಂಪೈಲರ್

ನಿರ್ಧರಿಸಬಹುದು, ಒಪ್ಪಿದೆ. ಬೆಲೆಯನ್ನು ನೋಡಿ. ಒಂದೇ ಕಿಲೋಬೈಟ್ ಮೆಮೊರಿ ಎಂದರೆ 8192 ಬಿಟ್. ಸ್ಥಿತಿಗಳ ಸಂಖ್ಯೆ `2**8192`, ಅಂದರೆ ಎರಡು ಸಾವಿರದ ನಾನೂರಕ್ಕಿಂತ ಹೆಚ್ಚು ಅಂಕಿಗಳಿರುವ ಸಂಖ್ಯೆ. ಅಷ್ಟು ಹೆಜ್ಜೆ ಕಾಯುವುದಕ್ಕೂ ಎಂದೆಂದಿಗೂ ಕಾಯುವುದಕ್ಕೂ ನಮ್ಮ ಪಾಲಿಗೆ ವ್ಯತ್ಯಾಸವಿಲ್ಲ.

ಇನ್ನೊಂದು ವಿಷಯ: D ಅಲ್ಲಿಯೂ ಬಿಡುವುದಿಲ್ಲ. ಒಂದು ಗಾತ್ರದ ಮೆಮೊರಿಯಲ್ಲಿ ಓಡುವ ಎಲ್ಲ ಪ್ರೋಗ್ರಾಂಗಳನ್ನೂ ಪರೀಕ್ಷಿಸುವ H ಇದೆ ಎನ್ನಿ. ಆ H ಕೂಡ ಅದೇ ಗಾತ್ರದೊಳಗೆ, D ಗೆ ಬೇಕಾದ ಚೂರು ಜಾಗವನ್ನೂ ಬಿಟ್ಟು ಓಡುತ್ತದೆ ಎಂದಾದರೆ, D ಯೂ ಆ ಗಾತ್ರದೊಳಗೆ ಬರುತ್ತದೆ, ಮತ್ತೆ ಅದೇ ಜಗಳ. ಹಾಗಾಗಿ ಪರೀಕ್ಷಿಸುವವನಿಗೆ ಪರೀಕ್ಷೆಗೆ ಒಳಗಾಗುವವನಿಗಿಂತ ಹೆಚ್ಚು ಜಾಗ ಬೇಕೇ ಬೇಕು.

ಮೊಂಡುವಾದಿ

ಹೆಚ್ಚು ಜಾಗ ಕೊಟ್ಟರೆ ಸಾಧ್ಯ ಎಂದಾಯಿತಲ್ಲ. ನನಗೆ ಅಷ್ಟು ಸಾಕು.

ನೈಟ್ ಶಿಫ್ಟ್

ನನ್ನ ಬ್ಯಾಚ್ ಕೆಲಸದ ವಿಷಯ ಎಲ್ಲಿಗೆ ಬಂತು? ಇದನ್ನೆಲ್ಲ ಓದಿದರೆ ಯಾವ ಟೂಲೂ ಸಾಧ್ಯವಿಲ್ಲ ಎಂದಂತಾಯಿತು.

ಹಳೆಯ ಕಂಪೈಲರ್

ಹಾಗೇನಿಲ್ಲ. ಅಸಾಧ್ಯವಾದದ್ದು ಎಲ್ಲ ಪ್ರೋಗ್ರಾಂಗಳಿಗೂ ಹೌದು-ಇಲ್ಲ ಎಂದು ಎರಡೇ ಉತ್ತರ ಕೊಡುವ ಟೂಲ್. "ಗೊತ್ತಿಲ್ಲ" ಎಂಬ ಮೂರನೆಯ ಉತ್ತರಕ್ಕೆ ಅವಕಾಶ ಕೊಟ್ಟರೆ D ಯ ಹಲ್ಲು ಕಿತ್ತಂತೆ. H "ಗೊತ್ತಿಲ್ಲ" ಎನ್ನುತ್ತದೆ, D ಏನು ಬೇಕಾದರೂ ಮಾಡಿಕೊಳ್ಳಲಿ, H ಸುಳ್ಳು ಹೇಳಿದಂತಾಗುವುದಿಲ್ಲ. ಇಂಥ ಟೂಲುಗಳು ಇವೆ. ಪ್ರತಿ ಸುತ್ತಿನಲ್ಲೂ ಕಡಿಮೆಯಾಗುತ್ತಾ ಹೋಗುವ, ಸೊನ್ನೆಗಿಂತ ಕೆಳಗಿಳಿಯದ ಒಂದು ಪೂರ್ಣಾಂಕವನ್ನು ಲೂಪಿನಲ್ಲಿ ಹುಡುಕುತ್ತವೆ. ಸಿಕ್ಕರೆ ಲೂಪ್ ನಿಲ್ಲುವುದು ಖಚಿತ.

ನಿಮ್ಮ ಕೆಲಸಕ್ಕೆ ಅಷ್ಟೂ ಬೇಡ. ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೆ ಗೊತ್ತಿರುತ್ತದೆ. ಅದರ ಕೆಲವು ಪಟ್ಟು ಸಮಯಕ್ಕೆ ಟೈಮ್‌ಔಟ್ ಇಡಿ. ಕೊಲ್ಲುವ ಮೊದಲು ಸ್ಟ್ಯಾಕ್ ಅನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಮೂರು ಸಲ ದಾಖಲಿಸಿಕೊಳ್ಳಿ. ಪ್ರತಿ ಸಲವೂ ಅದೇ ಫಂಕ್ಷನ್, ಅದೇ ದಾಖಲೆಯ ಸಂಖ್ಯೆ ಕಂಡರೆ ಲೂಪಿನ ಅನುಮಾನ ಬಲವಾಗುತ್ತದೆ. ದಾಖಲೆಯ ಸಂಖ್ಯೆ ಮುಂದೆ ಸಾಗುತ್ತಿದ್ದರೆ ಅದು ಬರೀ ನಿಧಾನ. ಟೈಮ್‌ಔಟ್ ಕೆಲವೊಮ್ಮೆ ಮುಗಿಯಲಿದ್ದ ಕೆಲಸವನ್ನೂ ಕೊಲ್ಲುತ್ತದೆ. ಸಾವಿರ ಹೆಜ್ಜೆಯ H ಮಾಡಿದ್ದು ಅದೇ ತಪ್ಪು.

ಐದನೆಯ ಸೆಮಿಸ್ಟರ್

ಅಭ್ಯಾಸಕ್ಕೆ ಕೊಟ್ಟ ಲೆಕ್ಕ: ಒಂದು ಪ್ರೋಗ್ರಾಂ ಎಂದಾದರೂ `ok` ಎಂದು ಮುದ್ರಿಸುತ್ತದೆಯೇ ಎಂದು ನಿರ್ಧರಿಸುವ ಪ್ರೋಗ್ರಾಂ ಇರಲಾರದು ಎಂದು ತೋರಿಸಿ. D ಯನ್ನು ಮತ್ತೆ ಕಟ್ಟದೆ ಹೀಗೆ ಮಾಡಿದೆ. ಅಂಥ ಪರೀಕ್ಷಕ ಇದ್ದರೆ, p ಮತ್ತು x ಗೆ ಈ q ಅನ್ನು ಬರೆದು ಅದಕ್ಕೆ ಕೊಡುತ್ತೇನೆ:

```python
def q():
    run(p, x)
    print("ok")
```

p ನಿಂತರೆ ಮಾತ್ರ ಎರಡನೆಯ ಸಾಲಿಗೆ ಬರುತ್ತದೆ. ಆದ್ದರಿಂದ `ok` ಮುದ್ರಣವಾಗುತ್ತದೆ ಎಂದರೆ p ನಿಲ್ಲುತ್ತದೆ, ಇಲ್ಲವಾದರೆ ಇಲ್ಲ. ಹೀಗೆ H ಸಿಕ್ಕಿಬಿಡುತ್ತದೆ, ಅದು ಅಸಾಧ್ಯ, ಆದ್ದರಿಂದ ಪರೀಕ್ಷಕವೂ ಇಲ್ಲ. q ಅನ್ನು ನಾನು ಓಡಿಸುವುದೇ ಇಲ್ಲ, ಬರೀ ಬರೆದು ಕೊಡುತ್ತೇನೆ. ಸರಿಯೇ?

ಹಳೆಯ ಕಂಪೈಲರ್

ಓಡಿಸುವುದಿಲ್ಲ ಎಂದು ಬರೆದಿರಲ್ಲ, ಅದೇ ಮುಖ್ಯ. ಆದರೆ ಒಂದು ತೂತು ಇದೆ. p ಯೇ ಮೊದಲು `ok` ಎಂದು ಮುದ್ರಿಸಿ, ಆಮೇಲೆ ಅನಂತ ಲೂಪಿಗೆ ಬಿದ್ದರೆ?

ಐದನೆಯ ಸೆಮಿಸ್ಟರ್

ಪರೀಕ್ಷಕ "ಹೌದು" ಎನ್ನುತ್ತದೆ, ನಾನು p ನಿಲ್ಲುತ್ತದೆ ಎಂದು ತಪ್ಪಾಗಿ ಓದುತ್ತೇನೆ. ಹಾಗಾದರೆ `run` ಒಳಗೆ p ಮುದ್ರಿಸುವುದನ್ನೆಲ್ಲ ಎಸೆದುಬಿಡಬೇಕು, ಕೊನೆಯ `print` ಒಂದೇ ಹೊರಗೆ ಬರಬೇಕು. p ದೋಷ ಬಂದು ನಡುವೆಯೇ ನಿಂತರೆ ಅದನ್ನು ನಿಂತಿತು ಎಂದೇ ಲೆಕ್ಕ ಹಿಡಿಯಬೇಕೇ?

ಹಳೆಯ ಕಂಪೈಲರ್

ನೀವು ಹೇಗೆ ಬೇಕಾದರೂ ಹಿಡಿಯಬಹುದು, ಮೊದಲೇ ಹೇಳಿಬಿಡಿ. ನಿಂತಿತು ಎಂದು ಹಿಡಿದರೆ `run` ಆ ದೋಷವನ್ನು ಒಳಗೇ ನುಂಗಿಕೊಂಡು ಎರಡನೆಯ ಸಾಲಿಗೆ ಬರಬೇಕು. ಹಿಡಿಯದಿದ್ದರೆ q ಆ ಸಾಲನ್ನು ತಲುಪಬಾರದು. H ನಲ್ಲಿ ಒಂದು, q ನಲ್ಲಿ ಇನ್ನೊಂದು ಎಂದಾದರೆ ಅಂಕ ಹೋಗುತ್ತದೆ.